ದಸರಾ ರಜೆ ಮುಗಿದ ಮೇಲೆ ಬಯಾಪ್ಸಿ ಡಬ್ಬಿಗಳ ಸರದಿ

2024ರಲ್ಲಿ ಆಯುಧಪೂಜೆ ಶುಕ್ರವಾರ, ವಿಜಯದಶಮಿ ಶನಿವಾರ ಬಿದ್ದಿದ್ದವು. ಭಾನುವಾರವೂ ಸೇರಿ ಮೂರು ದಿನ ಪ್ರಯೋಗಾಲಯಕ್ಕೆ ಬೀಗ. ಆದರೆ ಗುರುವಾರದ ಶಸ್ತ್ರಚಿಕಿತ್ಸೆಗಳು, ರಜೆಯ ತುರ್ತು ಚಿಕಿತ್ಸೆಗಳು ಎಲ್ಲದರ ಅಂಗಾಂಶವೂ ಕೊಳೆಯದಂತೆ ಕಾಪಾಡುವ ಫಾರ್ಮಾಲಿನ್ ದ್ರಾವಣದ ಡಬ್ಬಿಗಳಲ್ಲಿ ಬಂದು ಕೂರುತ್ತವೆ. ಪೆಥಾಲಜಿಸ್ಟ್ ಆದ ನಾನು ಅವನ್ನು ಬಂದ ಕ್ರಮದಲ್ಲಿ ತೆಗೆಯುವುದಿಲ್ಲ. ಯಾವುದು ಮೊದಲು ಕೆಡುತ್ತದೆ ಎಂದು ನೋಡುತ್ತೇನೆ.

ಎಲ್ಲಕ್ಕಿಂತ ಅವಸರದ್ದು ಸ್ತನ ಕ್ಯಾನ್ಸರ್. ಹಾರ್ಮೋನ್ ಗ್ರಾಹಕಗಳ ಪರೀಕ್ಷೆ ನಂಬುವಂತಿರಬೇಕಾದರೆ ಅಂಗಾಂಶ ಫಾರ್ಮಾಲಿನ್‌ನಲ್ಲಿ ಕನಿಷ್ಠ 6, ಗರಿಷ್ಠ 72 ಗಂಟೆ ಇರಬೇಕು. ಗುರುವಾರ ಸಂಜೆ 4ಕ್ಕೆ ತೆಗೆದ ಗಡ್ಡೆಯ ಗಡುವು ಭಾನುವಾರ ಸಂಜೆ 4ಕ್ಕೇ ಮುಗಿಯುತ್ತದೆ. ಹಾಗಾಗಿ ಭಾನುವಾರ ಮಧ್ಯಾಹ್ನ ಬಂದು ಅದನ್ನೂ ಸಣ್ಣ ಬಯಾಪ್ಸಿಗಳನ್ನೂ ಕ್ಯಾಸೆಟ್ ಎಂಬ ಪುಟ್ಟ ರಂಧ್ರದ ಪೆಟ್ಟಿಗೆಗಳಿಗೆ ಹಾಕಿ, ಗಡುವಿನೊಳಗೆ ಫಾರ್ಮಾಲಿನ್ ಬಿಟ್ಟು ಹೊರಬರುವಂತೆ, ಅಂಗಾಂಶದ ನೀರು ತೆಗೆದು ಮೇಣ ತುಂಬುವ ಟಿಶ್ಯೂ ಪ್ರೊಸೆಸರ್ ಓಡಿಸಿದೆ. ಇದರಿಂದ ಇನ್ನೊಂದು ಲಾಭವಿದೆ. ಯಂತ್ರ ರಾತ್ರಿಯಿಡೀ ಓಡಬೇಕಾದ್ದರಿಂದ, ಭಾನುವಾರ ಅದು ಖಾಲಿ ಇದ್ದರೆ ಸೋಮವಾರ ತಂತ್ರಜ್ಞರಿಗೆ ಕತ್ತರಿಸಲು ಅಂಗಾಂಶ ಹುದುಗಿದ ಮೇಣದ ಬ್ಲಾಕುಗಳೇ ಇರುವುದಿಲ್ಲ.

ಸೋಮವಾರ ಬೆಳಿಗ್ಗೆ ಮೊದಲ ಕೆಲಸ ದೊಡ್ಡ ಅಂಗಗಳನ್ನು ಸೀಳಿಡುವುದು. ಫಾರ್ಮಾಲಿನ್ ಒಳಗಿಳಿಯುವುದು ಆರಂಭದಲ್ಲಿ ಗಂಟೆಗೆ ಸುಮಾರು 1 ಮಿ.ಮೀ., ಆಮೇಲೆ ಇನ್ನೂ ನಿಧಾನ. ಇಡಿಯಾಗಿ ಬಂದ ಗರ್ಭಕೋಶದ ಹೊರಮೈ ಗಟ್ಟಿಯಾಗಿ, ಒಳಪದರ ಕೊಳೆಯುತ್ತಿರುತ್ತದೆ. ಸೀಳಿ, ನಡುವೆ ಬಟ್ಟೆಯಿಟ್ಟು ಹೊಸ ಫಾರ್ಮಾಲಿನ್ ಸುರಿದರೆ ಅದನ್ನು ಮಂಗಳವಾರಕ್ಕೆ ಬಿಡಬಹುದು. ಅವಸರದಲ್ಲಿ ದಪ್ಪ ತುಂಡುಗಳನ್ನು ಯಂತ್ರಕ್ಕೆ ತುರುಕಿದರೆ, ಸ್ಲೈಡಿಗೆ ತೆಳು ಪದರ ಕತ್ತರಿಸುವ ಮೈಕ್ರೊಟೋಮ್ ಮೇಲೆ ಬ್ಲಾಕಿನ ನಡುಭಾಗ ಉದುರಿ ಗುಟ್ಟು ಬಯಲಾಗುತ್ತದೆ. ಮೂರ್ನಾಲ್ಕು ಮಿ.ಮೀ. ದಪ್ಪಕ್ಕಿಂತ ಹೆಚ್ಚು ಬೇಡ.

ನಮ್ಮ ಪ್ರೊಸೆಸರ್ ಒಂದೇ ಸಲಕ್ಕೆ 150 ಕ್ಯಾಸೆಟ್ ನುಂಗುತ್ತದೆ. ಇಬ್ಬರು ತಂತ್ರಜ್ಞರು ದಿನಕ್ಕೆ ನೂರರ ಆಸುಪಾಸು ಬ್ಲಾಕುಗಳನ್ನು ಚೆನ್ನಾಗಿ ಕತ್ತರಿಸಬಲ್ಲರು. ಯಂತ್ರದ ಲೆಕ್ಕ ಹಿಡಿದು ಸೋಮವಾರವೇ ಎಲ್ಲವನ್ನೂ ತುಂಬಿಸಿದರೆ ರಾಶಿ ಕರಗುವುದಿಲ್ಲ. ಮೈಕ್ರೊಟೋಮ್ ಪಕ್ಕಕ್ಕೆ, ಬುಧವಾರ ನನ್ನ ಸೂಕ್ಷ್ಮದರ್ಶಕದ ಪಕ್ಕಕ್ಕೆ ಸರಿಯುತ್ತದೆ. ಆದ್ದರಿಂದ ಯಂತ್ರಕ್ಕೆ ಹೋಗುವ ಕ್ಯಾಸೆಟ್‌ಗಳನ್ನು ಕತ್ತರಿಸುವ ಕೈಗಳ ಲೆಕ್ಕಕ್ಕೇ ಸೀಮಿತಗೊಳಿಸಿ, ಪಿತ್ತಕೋಶ, ಅಪೆಂಡಿಕ್ಸ್, ಹರ್ನಿಯಾ ಚೀಲಗಳನ್ನು ಗುರುವಾರದವರೆಗೆ ಹಂಚಿದೆ. ಸಾಲಾಗಿ ಒಂದೇ ಬಗೆಯ ಅಂಗ ಬಾರದಂತೆ ನಡುವೆ ಬೇರೆಯದನ್ನು ಸೇರಿಸುತ್ತೇನೆ. ಎರಡು ಪಿತ್ತಕೋಶಗಳ ಸಂಖ್ಯೆ ಅದಲುಬದಲಾದರೆ ಸ್ಲೈಡ್ ನೋಡಿ ಹಿಡಿಯುವುದು ಕಷ್ಟ. ಪಿತ್ತಕೋಶದ ಜಾಗದಲ್ಲಿ ಅಪೆಂಡಿಕ್ಸ್ ಕಂಡರೆ ತಕ್ಷಣ ಗೊತ್ತಾಗುತ್ತದೆ.

ವರದಿ ಯಾವಾಗ ಎಂದು ಸರ್ಜನ್ ಫೋನ್ ಮಾಡಿದಾಗ ಪಿತ್ತಕೋಶಕ್ಕೆ ಶುಕ್ರವಾರ ಎಂದೇ ಹೇಳಿದೆ. ಆದರೆ ಕಲ್ಲಿಗಾಗಿ ತೆಗೆದ ಪಿತ್ತಕೋಶದಲ್ಲೂ ಅಪರೂಪಕ್ಕೆ ಕ್ಯಾನ್ಸರ್ ಅಡಗಿರುತ್ತದೆ. ಅದಕ್ಕೇ ಗುರುವಾರಕ್ಕೆ ಬಿಟ್ಟವನ್ನೂ ಸೋಮವಾರವೇ ಬಿಚ್ಚಿ ಒಳಗೋಡೆಯನ್ನು ಬೆರಳಲ್ಲಿ ಸವರಿ ನೋಡುತ್ತೇನೆ. ಎಲ್ಲಾದರೂ ದಪ್ಪ, ಗಟ್ಟಿ, ಬೂದುಬಿಳಿ ಜಾಗ ಸಿಕ್ಕಿದರೆ ಆ ಡಬ್ಬಿ ಅಂದು ರಾತ್ರಿಯೇ ಯಂತ್ರಕ್ಕೆ ಹೋಗುತ್ತದೆ.