ಆ್ಯಕ್ಟಿವ್ ಬ್ಯಾಲೆನ್ಸರ್‌ಗೆ ದುಡ್ಡು ಹಾಕುವ ಮೊದಲು

ಮನೆಯ ಸೋಲಾರ್ ಇನ್ವರ್ಟರ್‌ಗೆ 280 ಆಂಪಿಯರ್-ಅವರ್, ಅಂದರೆ ಎಎಚ್, ಸಾಮರ್ಥ್ಯದ 16 ಎಲ್‌ಎಫ್‌ಪಿ ಲಿಥಿಯಂ ಸೆಲ್‌ಗಳನ್ನು ಸರಣಿಯಲ್ಲಿ ಜೋಡಿಸಿದ ಪ್ಯಾಕ್ ಇದೆ ಎಂದುಕೊಳ್ಳಿ. ಕೆಲವು ತಿಂಗಳು ಸರಿಯಾಗಿ ನಡೆದು, ಆಮೇಲೆ ಬ್ಯಾಟರಿ ತುಂಬುವ ಮೊದಲೇ ಸೆಲ್‌ಗಳನ್ನು ಕಾಯುವ ಬಿಎಂಎಸ್ ಸರ್ಕ್ಯೂಟ್ ಚಾರ್ಜಿಂಗ್ ನಿಲ್ಲಿಸತೊಡಗುತ್ತದೆ. ಆ್ಯಪ್ ತೆರೆದರೆ 11ನೇ ಸೆಲ್ 3.65 ವೋಲ್ಟ್ ಮುಟ್ಟಿದೆ, ಉಳಿದವು 3.38ರಲ್ಲೇ ಇವೆ. ಅಂಗಡಿಯಲ್ಲಿ ಕೇಳಿದರೆ ಸಿಗುವ ಉತ್ತರ ಒಂದೇ: ಆ್ಯಕ್ಟಿವ್ ಬ್ಯಾಲೆನ್ಸರ್ ಹಾಕಿಸಿ. ಆ ಖರ್ಚು ಬೇಕೋ ಬೇಡವೋ ಎನ್ನುವುದನ್ನು ಕೆಳಗಿನ ಕ್ರಮದಲ್ಲಿ ನೀವೇ ನೋಡಿಕೊಳ್ಳಬಹುದು.

ಸೆಲ್‌ಗಳನ್ನು ಸಮ ಮಾಡಲು ಪ್ಯಾಸಿವ್, ಆ್ಯಕ್ಟಿವ್ ಎಂಬ ಎರಡು ವಿಧಾನಗಳಿವೆ, ಅವುಗಳ ವ್ಯತ್ಯಾಸ ಸರಳ. ಪ್ಯಾಸಿವ್ ವಿಧಾನದಲ್ಲಿ ಪ್ರತಿ ಸೆಲ್‌ಗೂ ಒಂದು ಸಣ್ಣ ರೆಸಿಸ್ಟರ್ ಇರುತ್ತದೆ. ಹೆಚ್ಚು ತುಂಬಿದ ಸೆಲ್‌ನ ಚಾರ್ಜನ್ನು ಅದು ಶಾಖವಾಗಿ ಸುಟ್ಟುಬಿಡುತ್ತದೆ. ಈ ಕರೆಂಟ್ ಸಾಮಾನ್ಯವಾಗಿ 30ರಿಂದ 200 ಮಿಲಿಆಂಪಿಯರ್. ಜಾಸ್ತಿ ಮಾಡಬಾರದೇ ಎಂದರೆ, 2 ಆಂಪಿಯರ್ ಸುಡಲು ಹೊರಟರೆ ಒಂದೊಂದು ಸೆಲ್‌ಗೂ ಸುಮಾರು 7 ವ್ಯಾಟ್ ಬಿಸಿ ಬಿಎಂಎಸ್ ಡಬ್ಬಿಯೊಳಗೆ ಸೇರುತ್ತದೆ. ಆ್ಯಕ್ಟಿವ್ ವಿಧಾನ ಕೆಪಾಸಿಟರ್ ಅಥವಾ ಇಂಡಕ್ಟರ್ ಬಳಸಿ ತುಂಬಿದ ಸೆಲ್‌ನಿಂದ ಖಾಲಿ ಸೆಲ್‌ಗೆ ಚಾರ್ಜ್ ಸಾಗಿಸುತ್ತದೆ. ಅಲ್ಲಿ 1–2 ಆಂಪಿಯರ್ ಸುಲಭ. ಉಳಿಯುವ ವಿದ್ಯುತ್ತು ಅಷ್ಟಕ್ಕಷ್ಟೇ, ದುಡ್ಡು ಕೊಡುವುದು ಈ ವೇಗಕ್ಕೆ.

ಮೊದಲು ನಟ್ಟು ನೋಡಿ

ಚಾರ್ಜ್ ಆಗುವಾಗ 11ನೇ ಸೆಲ್‌ನ ವೋಲ್ಟೇಜ್ ಬರೆದುಕೊಳ್ಳಿ. ಚಾರ್ಜಿಂಗ್ ನಿಲ್ಲಿಸಿದ ಕೂಡಲೇ ಮತ್ತೊಮ್ಮೆ ನೋಡಿ. ಕರೆಂಟ್ ನಿಂತ ಕ್ಷಣದಲ್ಲೇ ಅಂತರ ಬಹುಪಾಲು ಮಾಯವಾದರೆ ತಪ್ಪು ಸೆಲ್‌ನದಲ್ಲದಿರಬಹುದು. ಸೆಲ್‌ಗಳನ್ನು ಜೋಡಿಸುವ ಲೋಹದ ಪಟ್ಟಿಯ, ಅಂದರೆ ಬಸ್‌ಬಾರ್‌ನ, ಜಾಯಿಂಟಿನಲ್ಲಿ 1 ಮಿಲಿಓಮ್ ಹೆಚ್ಚಾದರೂ 50 ಆಂಪಿಯರ್ ಹರಿಯುವಾಗ 50 ಮಿಲಿವೋಲ್ಟ್ ಸುಳ್ಳು ಓದು ಬರುತ್ತದೆ. ನಟ್ಟು ಸಡಿಲವಾಗಿರಬಹುದು, ಅಲ್ಯೂಮಿನಿಯಂ ಮೇಲೆ ಆಕ್ಸೈಡ್ ಪದರ ಕೂತಿರಬಹುದು. ಬಿಚ್ಚಿ ಉಜ್ಜಿ, ಸೆಲ್ ತಯಾರಕರು ಹೇಳಿದ ಟಾರ್ಕ್‌ನಲ್ಲಿ ಬಿಗಿಯಿರಿ. ಇದನ್ನು ಬಿಟ್ಟು ಆ್ಯಕ್ಟಿವ್ ಬ್ಯಾಲೆನ್ಸರ್ ಹಾಕಿದರೆ ಅದು ಚಾರ್ಜಿನ ವೇಳೆ ಆ ಸೆಲ್‌ನಿಂದ ತೆಗೆಯುತ್ತದೆ, ಲೋಡಿನ ವೇಳೆ ತುಂಬುತ್ತದೆ. ದಿನವಿಡೀ ದುಡಿದರೂ ಫಲ ಸೊನ್ನೆ.

ಕೈಯಿಂದಲೇ ಒಮ್ಮೆ ಸಮ ಮಾಡಿ

ಜಾಯಿಂಟ್ ಸರಿಯಿದ್ದೂ ಅಂತರ ಉಳಿದರೆ 11ನೇ ಸೆಲ್ ಬೇರೆಯವಕ್ಕಿಂತ ಮುಂದಿದೆ. ಶೇ 5ರಷ್ಟು ಮುಂದಿದ್ದರೆ ಅದು 14 ಎಎಚ್. 100 ಮಿಲಿಆಂಪಿಯರ್ ಸುಡುವ ಬಿಎಂಎಸ್‌ಗೆ ಇದು 140 ಗಂಟೆಯ ಕೆಲಸ. ಅದು ಕೆಲಸ ಮಾಡುವುದು ಸೆಲ್ ಪೂರ್ತಿ ತುಂಬುವ ತುದಿ ಮುಟ್ಟಿದಾಗ ಮಾತ್ರ. ದಿನಕ್ಕೆ ಒಂದು ಗಂಟೆ ಸಿಕ್ಕರೆ 140 ದಿನ. ‘ಪ್ಯಾಸಿವ್ ಕೆಲಸಕ್ಕೆ ಬಾರದು’ ಎಂಬ ಮಾತು ಹುಟ್ಟುವುದೇ ಈ ಲೆಕ್ಕದಿಂದ.

ಆದರೆ ಈ 14 ಎಎಚ್ ತೆಗೆಯಲು ಒಂದು ರೆಸಿಸ್ಟರ್ ಸಾಕು. ಅಲ್ಯೂಮಿನಿಯಂ ಕವಚದ 1 ಓಮ್, 50 ವ್ಯಾಟ್ ರೆಸಿಸ್ಟರನ್ನು ಹೀಟ್‌ಸಿಂಕ್ ಮೇಲೆ ಕೂರಿಸಿ, 5 ಆಂಪಿಯರ್ ಫ್ಯೂಸ್ ಸೇರಿಸಿ, ಇನ್ವರ್ಟರ್ ಆಫ್ ಮಾಡಿ, 11ನೇ ಸೆಲ್‌ನ ಎರಡು ಟರ್ಮಿನಲ್‌ಗಳಿಗೆ ಮಾತ್ರ ಜೋಡಿಸಿ. 3.3 ವೋಲ್ಟ್‌ಗೆ 3.3 ಆಂಪಿಯರ್ ಹರಿದು ಸುಮಾರು 11 ವ್ಯಾಟ್ ಬಿಸಿಯಾಗುತ್ತದೆ. ಬರಿಗೈಯಲ್ಲಿ ಮುಟ್ಟಬೇಡಿ, ಪ್ಲಾಸ್ಟಿಕ್‌ಗೆ ತಾಗಿಸಬೇಡಿ. ಸ್ಪ್ಯಾನರ್‌ಗೆ ಇನ್ಸುಲೇಷನ್ ಟೇಪ್ ಸುತ್ತಿಕೊಳ್ಳಿ, ಅದು ಪಕ್ಕದ ಟರ್ಮಿನಲ್ ಮೇಲೆ ಬಿದ್ದರೆ ನೂರಾರು ಆಂಪಿಯರ್‌ನ ಕಿಡಿ ಹಾರುತ್ತದೆ.

ಒಂದು ಗಂಟೆಗೆ ಸುಮಾರು 3.3 ಎಎಚ್ ಹೋಗುತ್ತದೆ. ಗಂಟೆಗೊಮ್ಮೆ ಬಿಚ್ಚಿ, ಮತ್ತೆ ಚಾರ್ಜ್ ಮಾಡಿ ನೋಡಿ. 11ನೇ ಸೆಲ್ ಪ್ರತಿ ಸಲ ಇನ್ನಷ್ಟು ತಡವಾಗಿ ತುದಿ ಮುಟ್ಟಬೇಕು. ನಮ್ಮ ಉದಾಹರಣೆಯಲ್ಲಿ ನಾಲ್ಕು ಗಂಟೆ ದಾಟುವಷ್ಟರಲ್ಲಿ ಎಲ್ಲವೂ ಜೊತೆಜೊತೆಗೇ ಏರತೊಡಗುತ್ತವೆ. ಒಂದೇ ಏಟಿಗೆ ನಾಲ್ಕು ಗಂಟೆ ಬಿಟ್ಟು ಮಲಗಬೇಡಿ. ಹೆಚ್ಚು ತೆಗೆದರೆ ಆ ಸೆಲ್ ಹಿಂದುಳಿದು, ತೊಂದರೆ ಉಲ್ಟಾ ಆಗುತ್ತದೆ.

ಸೆಟ್ಟಿಂಗ್ ಬದಲಿಸಿ

ಎಲ್‌ಎಫ್‌ಪಿ ಸೆಲ್‌ನ ವೋಲ್ಟೇಜ್ 3.2ರಿಂದ 3.35ರ ನಡುವೆ ಹೆಚ್ಚುಕಡಿಮೆ ಚಪ್ಪಟೆ. ಅಲ್ಲಿ ಎರಡು ಸೆಲ್‌ಗಳ ವೋಲ್ಟೇಜ್ ಒಂದೇ ಇದ್ದರೂ ತುಂಬಿರುವ ಪ್ರಮಾಣ ಒಂದೇ ಇರಬೇಕಿಲ್ಲ. ಅದಕ್ಕೇ ಬ್ಯಾಲೆನ್ಸಿಂಗ್ 3.40–3.45 ವೋಲ್ಟ್ ದಾಟಿದ ಮೇಲಷ್ಟೇ ಶುರುವಾಗುವಂತೆ ಇಡಬೇಕು. 10 ಮಿಲಿವೋಲ್ಟ್ ಅಂತರ ಕಂಡರೆ ಕೆಲಸ ಮಾಡಲಿ. ಇನ್ವರ್ಟರ್‌ನಲ್ಲಿ ಚಾರ್ಜ್ ವೋಲ್ಟೇಜ್ 55.2 ಇಟ್ಟು, ಅಂದರೆ ಸೆಲ್‌ಗೆ 3.45ರಂತೆ, ಒಂದು ಗಂಟೆ ಅಲ್ಲೇ ನಿಲ್ಲುವಂತೆ ಮಾಡಿ. ಎಷ್ಟೋ ಕಡೆ ಇದನ್ನು 54.4ಕ್ಕೆ ಇಟ್ಟು ತಕ್ಷಣ ಫ್ಲೋಟ್ ಎಂಬ ಕಡಿಮೆ ವೋಲ್ಟೇಜಿಗೆ ಇಳಿಸಿರುತ್ತಾರೆ. ಆಗ ಬಿಎಂಎಸ್‌ಗೆ ಬ್ಯಾಲೆನ್ಸ್ ಮಾಡುವ ಅವಕಾಶವೇ ಬರುವುದಿಲ್ಲ.

ಒಂದು ತಿಂಗಳು ಲೆಕ್ಕ ಇಡಿ

ಒಮ್ಮೆ ಸಮ ಮಾಡಿದ ಮೇಲೆ ಬ್ಯಾಲೆನ್ಸರ್‌ಗೆ ಉಳಿಯುವ ಕೆಲಸ ಸೆಲ್‌ಗಳು ತಾವಾಗಿ ಚಾರ್ಜ್ ಕಳೆದುಕೊಳ್ಳುವುದರಲ್ಲಿನ ವ್ಯತ್ಯಾಸವನ್ನು ತುಂಬುವುದು. ಆ ವ್ಯತ್ಯಾಸ 2 ಮಿಲಿಆಂಪಿಯರ್ ಎಂದಾದರೆ 30 ದಿನಕ್ಕೆ 1.44 ಎಎಚ್. ದಿನಕ್ಕೆ ಒಂದು ಗಂಟೆ 100 ಮಿಲಿಆಂಪಿಯರ್ ಸುಡುವ ಬಿಎಂಎಸ್ ತಿಂಗಳಿಗೆ 3 ಎಎಚ್ ಸರಿಪಡಿಸುತ್ತದೆ. ಅಕ್ಕಪಕ್ಕದ ಸೆಲ್‌ಗಳನ್ನು ಒಟ್ಟಿಗೆ ಸುಡಲಾಗದೆ ಸರದಿ ಹಾಕುವ ಬಿಎಂಎಸ್‌ಗಳೂ ಇವೆ, ಅಲ್ಲಿ ಇದು ಅರ್ಧವಾಗುತ್ತದೆ. ಆದರೂ 1.44ಕ್ಕೆ ಸಾಕು. ತಿಂಗಳ ಕೊನೆಯಲ್ಲೂ ಎಲ್ಲ ಸೆಲ್‌ಗಳು ಜೊತೆಯಾಗಿಯೇ 3.45 ಮುಟ್ಟುತ್ತಿದ್ದರೆ ಆ್ಯಕ್ಟಿವ್ ಬೇಡ. ಬಿಎಂಎಸ್‌ನ ವೇಗ ಮೀರಿ ಒಂದೇ ಸೆಲ್ ಹಿಂದುಳಿಯುತ್ತಿದ್ದರೆ ಒಳಗೇ ಸೋರಿಕೆ ಇದೆ. ಅದಕ್ಕೆ ಬ್ಯಾಲೆನ್ಸರ್ ಜೋಡಿಸಿ ಮುಚ್ಚಿಡುವುದು ತಪ್ಪು, ಸೆಲ್ ಬದಲಿಸಬೇಕು.

ಹಾಗಾದರೆ ಆ್ಯಕ್ಟಿವ್ ಯಾರಿಗೆ?

ಪ್ಯಾಕ್ ವಾರಗಟ್ಟಲೆ ತುಂಬದ ಕಡೆಗೆ. ಮಲೆನಾಡಿನ, ಕರಾವಳಿಯ ಮಳೆಗಾಲದಲ್ಲಿ ಫಲಕಗಳಿಂದ ಬ್ಯಾಟರಿ ತುದಿ ಮುಟ್ಟದ ದಿನಗಳೇ ಹೆಚ್ಚು. ಅಂತರ ಬೆಳೆಯುತ್ತಲೇ ಹೋಗಿ, ಬಿಸಿಲು ಬಂದ ಒಂದು ಮಧ್ಯಾಹ್ನದಲ್ಲಿ 2–3 ಎಎಚ್ ಸರಿಯಾಗಬೇಕು. 100 ಮಿಲಿಆಂಪಿಯರ್‌ಗೆ ಅದು ಅಸಾಧ್ಯ, 2 ಆಂಪಿಯರ್‌ಗೆ ಎರಡು ಗಂಟೆ ಸಾಕು. ಮನೆಯಲ್ಲಿ ಕರೆಂಟ್ ಇದ್ದರೆ ಎರಡು ವಾರಕ್ಕೊಮ್ಮೆ ಗ್ರಿಡ್‌ನಿಂದ 55.2ರವರೆಗೆ ಚಾರ್ಜ್ ಮಾಡಿ ಕೆಲವು ಗಂಟೆ ಹಿಡಿದಿಟ್ಟರೂ ಅದೇ ಕೆಲಸವಾಗುತ್ತದೆ. ಗ್ರಿಡ್ ಇಲ್ಲದ ತೋಟದ ಮನೆಗೆ ಆ್ಯಕ್ಟಿವ್‌ನ ಖರ್ಚು ಸಾರ್ಥಕ. ಒಬ್ಬ ತಂತ್ರಜ್ಞ ಒಂದು ಸಲ ಹೋಗಿ ಬರುವ ವೆಚ್ಚವೇ ಬ್ಯಾಲೆನ್ಸರ್‌ನ ಬೆಲೆ ಮೀರುವ ಮೊಬೈಲ್ ಟವರ್ ಜಾಗಗಳಿಗೂ ಇದೇ ಮಾತು. ಪ್ರತಿ ರಾತ್ರಿ ಪೂರ್ತಿ ಚಾರ್ಜ್ ಆಗುವ 30 ಎಎಚ್‌ನ ಸ್ಕೂಟರ್ ಪ್ಯಾಕ್‌ಗೆ ಪ್ಯಾಸಿವ್ ಧಾರಾಳ.

ಹಳೆಯ ಸೆಲ್ ಕೊಂಡು ಪ್ಯಾಕ್ ಕಟ್ಟಿದವರ ವಿಷಯ ಬೇರೆ. ಅಲ್ಲಿ ಸೆಲ್‌ಗಳ ಸಾಮರ್ಥ್ಯವೇ ಬೇರೆಬೇರೆ. ಗುರುತು ಹಿಡಿಯುವುದು ಹೀಗೆ: ತುದಿಯಲ್ಲಿ ಎಲ್ಲವೂ ಸಮವಾಗಿದ್ದೂ ಖಾಲಿಯಾಗುವಾಗ ಒಂದೇ ಸೆಲ್ ಪ್ರತಿ ಸಲ ಮೊದಲು ಕುಸಿಯುತ್ತದೆ. ಉಳಿದವು 280 ಎಎಚ್ ಇದ್ದು ಅದೊಂದು 250 ಇದ್ದರೆ, ಐದು ಗಂಟೆಯ ಬಳಕೆಯಲ್ಲಿ ಆ 30 ಎಎಚ್ ಕೊರತೆ ತುಂಬಲು 6 ಆಂಪಿಯರ್ ನಿರಂತರ ಹರಿಯಬೇಕು. 2 ಆಂಪಿಯರ್‌ನದು ಮೂರನೇ ಒಂದು ಭಾಗ ಮಾತ್ರ ತುಂಬೀತು, ಅದೂ ಕಾಗದದ ಮೇಲೆ. ಚಪ್ಪಟೆ ಭಾಗದಲ್ಲಿ ಯಾವ ಸೆಲ್ ದುರ್ಬಲ ಎಂದು ವೋಲ್ಟೇಜ್ ಹೇಳುವುದೇ ಇಲ್ಲವಾದ್ದರಿಂದ ನಿಜವಾದ ಸಹಾಯ ಕೊನೆಯ ಗಳಿಗೆಯಲ್ಲಿ ಸಿಗುವಷ್ಟೇ. 100 ಎಎಚ್ ಪ್ಯಾಕಿನಲ್ಲಿ 3–4 ಎಎಚ್ ಕೊರತೆ ಇದ್ದರೆ ಹಾಕಿ ನೋಡಬಹುದು. 280ರಲ್ಲಿ 30 ಕೊರತೆಗೆ ಸೆಲ್ ಬದಲಿಸುವುದೇ ಅಗ್ಗ.

ಕೊನೆಗೂ ಕೊಳ್ಳುವುದಾದರೆ ‘5 ಆಂಪಿಯರ್’ ಎಂದು ಬರೆದ ಕೆಪಾಸಿಟರ್ ಬೋರ್ಡಿನ ಮೇಲೆ ಕಣ್ಣಿರಲಿ. ಅದರ ಕರೆಂಟ್ ಸೆಲ್‌ಗಳ ನಡುವಿನ ಅಂತರಕ್ಕೆ ತಕ್ಕಂತೆ ಇಳಿಯುತ್ತದೆ. 20–30 ಮಿಲಿವೋಲ್ಟ್ ಅಂತರದಲ್ಲಿ ಹೇಳಿದ್ದರ ಸಣ್ಣ ಭಾಗ ಮಾತ್ರ ಸಿಗುತ್ತದೆ. ಎಷ್ಟು ವೋಲ್ಟ್‌ಗೆ ಶುರುವಾಗಬೇಕು ಎಂದು ಹೊಂದಿಸಲು ಬಾರದ ಬೋರ್ಡ್ ಹಗಲಿರುಳೂ ಓಡಿ, ಲೋಡ್ ಇದ್ದಾಗಿನ ಸುಳ್ಳು ವೋಲ್ಟೇಜ್ ನಂಬಿ, ನೀವು ರೆಸಿಸ್ಟರ್ ಹಿಡಿದು ಸಮ ಮಾಡಿದ್ದನ್ನೇ ಕೆಡಿಸುತ್ತದೆ. ಅಂಥದ್ದನ್ನೇ ಹಾಕಿದ್ದರೆ ನಡುವೆ ಒಂದು ಸ್ವಿಚ್ ಇಟ್ಟು, ಸೆಲ್‌ಗಳು 3.45ರ ಹತ್ತಿರ ಇರುವಾಗ ಮಾತ್ರ ಆನ್ ಮಾಡಿ.