ತುಕ್ಕಿದ್ದರೆ ತುಕ್ಕೆಂದೇ ಬರೆಯಿರಿ: ಹಳೇ ಕಾರಿನ ಮಾರಾಟದ ಪೋಸ್ಟ್ ಹೀಗಿರಲಿ

‘ಕಂಡೀಷನ್ ಸೂಪರ್’ ಎಂಬ ಪೋಸ್ಟ್ ನಂಬಿ ವಿರಾಜಪೇಟೆಯಿಂದ ಕುಶಾಲನಗರಕ್ಕೆ ಬಂದ ಗಿರಾಕಿ, ಕಾರಿನಡಿ ಬಗ್ಗಿ ನೋಡಿ ಹಾಗೇ ವಾಪಸ್ ಹೋದರೆ ತಪ್ಪು ಪೋಸ್ಟಿನದು. ನಮ್ಮ ಮಳೆಗೆ ಎಸ್ಟೇಟ್ ದಾರಿಯ ಕೆಸರು ಚಕ್ರದ ಗೂಡಿನಲ್ಲಿ, ಬಾಗಿಲ ಕೆಳಗಿನ ಅಂಚಿನಲ್ಲಿ ಕೂತು ತೇವ ಹಿಡಿದಿಡುತ್ತದೆ. ತುಕ್ಕು ಶುರುವಾಗುವುದು ಅಲ್ಲೇ.

ಒಂದು ಉದಾಹರಣೆ ಇಟ್ಟುಕೊಳ್ಳೋಣ: ಕೆಎ 12 ನೋಂದಣಿಯ, 2017ರ ಪೆಟ್ರೋಲ್ ಹ್ಯಾಚ್‌ಬ್ಯಾಕ್, 68,000 ಕಿ.ಮೀ. ಓಡಿದೆ.

ಬರೆಯುವ ಮೊದಲು ತಳ ತೊಳೆಸಿ, ಒಣಗಿಸಿ, ಲಿಫ್ಟ್ ಮೇಲೆ ಏರಿಸಿ. ತುಕ್ಕು ಕಂಡಲ್ಲಿ ಸ್ಕ್ರೂಡ್ರೈವರ್ ಹಿಡಿಯಿಂದ ತಟ್ಟಿ. ಗಟ್ಟಿ ಸದ್ದು ಬಂದು, ಉಜ್ಜಿದರೆ ಹೊಳೆಯುವ ಲೋಹ ಕಂಡರೆ ಅದು ಮೇಲ್ಮೈ ತುಕ್ಕು. ಪದರ ಪದರವಾಗಿ ಉದುರಿದರೆ ಲೋಹವೇ ತೆಳುವಾಗಿದೆ. ಸಸ್ಪೆನ್ಷನ್ ಕೂರುವ ಜಾಗದಲ್ಲಿ ಹಾಗಿದ್ದರೆ ರಿಪೇರಿಯಾಗುವವರೆಗೆ ಪೋಸ್ಟ್ ಬೇಡ. ಫೋಟೊಗೆ ಮುನ್ನ ತಳಕ್ಕೆ ಕಪ್ಪು ಕೋಟಿಂಗ್ ಬಳಿಯಲೂ ಬೇಡ. ತಿಳಿದವರಿಗೆ ಮೊದಲು ಅನುಮಾನ ಬರುವುದೇ ಅದರ ಮೇಲೆ.

ದೋಷ ಎಲ್ಲಿದೆ, ಎಷ್ಟಿದೆ, ಏನು ಮಾಡಿಸಿದ್ದೀರಿ, ಏನು ಬಾಕಿ ಎಂಬುದನ್ನು ಹೀಗೆ ಬರೆಯಿರಿ:

“ಎಡಗಡೆ ಹಿಂಬಾಗಿಲ ಕೆಳಗೆ ಅಂಗೈಯಗಲ ಮೇಲ್ಮೈ ತುಕ್ಕು, ತೂತಿಲ್ಲ. ಉಜ್ಜಿ ಪ್ರೈಮರ್ ಹಾಕಿದೆ, ಪೇಂಟ್ ಬಾಕಿ. ಕ್ಲಚ್ ಪೆಡಲ್ ಪೂರ್ತಿ ಮೇಲೆ ಬಂದಾಗ ಹಿಡಿಯುತ್ತದೆ. ಜಾರುತ್ತಿಲ್ಲ, ಆದರೆ ಸವೆದಿದೆ. ಮುಂದಿನ ಟೈರ್‌ಗಳ ಮೇಲೆ 2319 ಎಂದಿದೆ, ಅಂದರೆ 2019ರ 23ನೇ ವಾರದವು.”

ಎಷ್ಟನೇ ಮಾಲೀಕರು, ವಿಮೆ ಯಾವಾಗ ಮುಗಿಯುತ್ತದೆ, ಆರ್‌ಸಿಯಲ್ಲಿ ಸಾಲ ನಮೂದಾಗಿದೆಯೇ ಎಂಬುದು ಒಂದು ಸಾಲಿನಲ್ಲಿ ಬರಲಿ.

ಫೋಟೊಗೆ ಕಾರು ಒಣಗಿರಬೇಕು. ಒದ್ದೆ ಮೈಯಲ್ಲಿ ಗೀರು ಕಾಣುವುದಿಲ್ಲ. ಮೊದಲು ಮುಂಭಾಗ ಮೂಲೆಯಿಂದ, ನಂತರ ಎರಡೂ ಪಕ್ಕ, ಹಿಂಭಾಗ. ಐದನೆಯದೇ ತುಕ್ಕಿನ ಫೋಟೊ ಆಗಲಿ. ಕೊನೆಗಿಟ್ಟರೆ ಅಲ್ಲಿವರೆಗೆ ಸರಿಸುವವರು ಕಡಿಮೆ, ಮುಚ್ಚಿಟ್ಟಂತೆಯೂ ಕಾಣುತ್ತದೆ. ದೂರದಿಂದ ಒಂದು, ಹತ್ತಿರದಿಂದ ಅಳತೆಗೆ ನಾಣ್ಯ ಇಟ್ಟು ಇನ್ನೊಂದು ತೆಗೆಯಿರಿ. ಆಮೇಲೆ ಸೀಟು, ಎಂಜಿನ್, ಟೈರ್. ಮೀಟರ್ ಫೋಟೊವನ್ನು ಎಂಜಿನ್ ಚಾಲೂ ಇಟ್ಟೇ ತೆಗೆಯಿರಿ, ಯಾವ ಎಚ್ಚರಿಕೆ ದೀಪ ಉಳಿದಿದೆ ಎಂಬುದು ಗೊತ್ತಾಗುತ್ತದೆ.

‘ಟೆಸ್ಟ್ ಡ್ರೈವ್ ಲಭ್ಯ’ ಎಂದಷ್ಟೇ ಬರೆದರೆ ಸಾಲದು. ಬರೆದ ದೋಷವನ್ನು ಗಿರಾಕಿಯೇ ಪರೀಕ್ಷಿಸುವಂತೆ ಕರೆಯಿರಿ:

“ಬೆಳಗ್ಗೆ ಲೈಸೆನ್ಸ್ ತಗೊಂಡು ಬನ್ನಿ. ಎಂಜಿನ್ ತಣ್ಣಗಿರುತ್ತದೆ, ಬಾನೆಟ್ ಮುಟ್ಟಿ ನೋಡಿ ನೀವೇ ಸ್ಟಾರ್ಟ್ ಮಾಡಿ. ಸುಂಟಿಕೊಪ್ಪ ದಾಟಿ ಮಡಿಕೇರಿ ಕಡೆಯ ಏರಿನಲ್ಲಿ ಓಡಿಸೋಣ. ಯಾವ ದಿನ ಬರುತ್ತೀರಿ?”

ಕುಶಾಲನಗರದ ಸಮತಟ್ಟು ರಸ್ತೆಯಲ್ಲಿ ಸವೆದ ಕ್ಲಚ್ ಸುಮ್ಮನಿರುತ್ತದೆ. ಏರಿನಲ್ಲಿ ಮೂರನೇ ಗೇರ್‌ನಲ್ಲಿ ಆಕ್ಸಿಲರೇಟರ್ ಒತ್ತಿದಾಗ ಎಂಜಿನ್ ಸದ್ದು ಏರಿಯೂ ವೇಗ ಏರದಿದ್ದರೆ ಅದು ಜಾರುತ್ತಿದೆ ಎಂದರ್ಥ. ಹಾಗೆ ಕಂಡರೆ ಅವತ್ತೇ ಸಂಜೆ ಪೋಸ್ಟಿನಲ್ಲಿ ‘ಜಾರುತ್ತಿಲ್ಲ’ ಎಂಬುದನ್ನು ತೆಗೆದು, ಕ್ಲಚ್ ಬದಲಿಸಲು ಗ್ಯಾರೇಜಿನವರು ಹೇಳಿದ ಖರ್ಚನ್ನು ಸೇರಿಸಿ.