ಒಂದೂವರೆ ಎರಡು ಸಲ ಬಂದಾಗ: ನ್ಯೂಯಾರ್ಕ್ ಸಮಯದ ಲೆಕ್ಕ ಹೇಗೆ?

ನ್ಯೂಯಾರ್ಕ್ ಜಗತ್ತಿನ ಪ್ರಮಾಣ ಸಮಯವಾದ ಯುಟಿಸಿಗಿಂತ ಐದು ಗಂಟೆ ಹಿಂದೆ ಎಂದು ಬಾಯಿಪಾಠ ಮಾಡಿಕೊಂಡವರ ಲೆಕ್ಕ ವರ್ಷದಲ್ಲಿ ಸುಮಾರು ಎಂಟು ತಿಂಗಳು ತಪ್ಪಿರುತ್ತದೆ. ಆ ಐದು ಗಂಟೆ ಚಳಿಗಾಲದ್ದು. ಬೇಸಿಗೆಯಲ್ಲಿ ಅಂತರ ನಾಲ್ಕೇ ಗಂಟೆ. ಸೂರ್ಯ ಬದಲಾಗುವುದಿಲ್ಲ, ಯುಟಿಸಿಯೂ ಬದಲಾಗುವುದಿಲ್ಲ. ಸಂಜೆಯ ಬೆಳಕು ಒಂದು ಗಂಟೆ ಹೆಚ್ಚು ಸಿಗಲೆಂದು ಊರಿನ ಗಡಿಯಾರವನ್ನಷ್ಟೇ ಮುಂದೆ ತಳ್ಳುತ್ತಾರೆ.

1. ದಿನಾಂಕ ನೋಡಿ. ಮಾರ್ಚ್‌ನ ಎರಡನೇ ಭಾನುವಾರದಿಂದ ನವೆಂಬರ್‌ನ ಮೊದಲ ಭಾನುವಾರದವರೆಗೆ ಬೇಸಿಗೆ ಸಮಯ. 2026ರಲ್ಲಿ ಅದು ಮಾರ್ಚ್ 8 ಮತ್ತು ನವೆಂಬರ್ 1.

2. ಅಂತರ ಕೂಡಿಸಿ. ಸ್ಥಳೀಯ ಸಮಯಕ್ಕೆ ಬೇಸಿಗೆಯಲ್ಲಿ 4, ಚಳಿಗಾಲದಲ್ಲಿ 5 ಗಂಟೆ ಸೇರಿಸಿದರೆ ಯುಟಿಸಿ ಸಿಗುತ್ತದೆ.

3. ಬದಲಾವಣೆಯ ರಾತ್ರಿಯನ್ನು ಬೇರೆಯಾಗಿಯೇ ಲೆಕ್ಕ ಹಾಕಿ. ಎಡವುವುದು ಇಲ್ಲೇ. ಮಾರ್ಚ್ 8ರ ನಸುಕಿನಲ್ಲಿ 1:59 ಆದ ಮೇಲೆ ಗಡಿಯಾರ ನೇರ 3:00ಕ್ಕೆ ಜಿಗಿಯುತ್ತದೆ. ಆ ದಿನ 2:30 ಎಂಬ ಸಮಯವೇ ಇಲ್ಲ. ಅಷ್ಟು ಹೊತ್ತಿಗೆ ಅಲಾರಂ ಇಟ್ಟರೆ ಅದು ಯಾವಾಗ ಬಡಿದುಕೊಳ್ಳುತ್ತದೆ ಎಂಬುದು ಆ ಸಾಧನ ತಯಾರಿಸಿದವರ ಇಷ್ಟಕ್ಕೆ ಬಿಟ್ಟದ್ದು.

ನವೆಂಬರ್ 1ರಂದು ಇದರ ತಿರುವುಮುರುವು. 1:59ರ ನಂತರ ಮತ್ತೆ 1:00. ಹಾಗಾಗಿ 1:30 ಎರಡು ಸಲ ಬರುತ್ತದೆ: ಮೊದಲನೆಯದು ಯುಟಿಸಿ 5:30, ಎರಡನೆಯದು 6:30. ಬರೀ ‘1:30’ ಎಂದು ಬರೆದಿಟ್ಟರೆ ಯಾವುದೆಂದು ಆಮೇಲೆ ಯಾರಿಗೂ ಹೇಳಲಾಗದು. ಜೊತೆಗೆ -04:00 ಅಥವಾ -05:00 ಎಂದು ಬರೆಯಲೇಬೇಕು.

ರಾತ್ರಿಪಾಳಿಯನ್ನೇ ತೆಗೆದುಕೊಳ್ಳಿ. ಅಕ್ಟೋಬರ್ 31ರ ರಾತ್ರಿ 11ಕ್ಕೆ ಕೆಲಸಕ್ಕೆ ಬಂದವರು ಬೆಳಿಗ್ಗೆ 7ಕ್ಕೆ ಹೊರಡುತ್ತಾರೆ. ಗಡಿಯಾರ ನೋಡಿ ಕಳೆದರೆ ಎಂಟು ಗಂಟೆ. ಆದರೆ ಬಂದದ್ದು ಯುಟಿಸಿ 3:00ಕ್ಕೆ, ಹೊರಟದ್ದು 12:00ಕ್ಕೆ. ದುಡಿದದ್ದು ಒಂಬತ್ತು ಗಂಟೆ. ಮಾರ್ಚ್‌ನಲ್ಲಿ ಇದೇ ಪಾಳಿ ಏಳೇ ಗಂಟೆ. ಅವಧಿ ಬೇಕಾದಾಗ ಮೊದಲು ಎರಡನ್ನೂ ಯುಟಿಸಿಗೆ ತನ್ನಿ, ಆಮೇಲೆ ಕಳೆಯಿರಿ. ಅಡ್ಡದಾರಿ ಬೇಡ.

4. ವಲಯದ ಹೆಸರು ಸರಿಯಾಗಿ ಕೊಡಿ. ಕಂಪ್ಯೂಟರಿನಲ್ಲಿ `America/New_York` ಆಯ್ಕೆ ಮಾಡಿ. ಬೇಸಿಗೆ, ಚಳಿಗಾಲ ಎರಡರ ನಿಯಮವೂ ಅದರೊಳಗಿದೆ. `EST` ಎಂದರೆ ಚಳಿಗಾಲದ ಸಮಯ ಮಾತ್ರ; ಜುಲೈ ತಿಂಗಳ ಆಹ್ವಾನಪತ್ರದಲ್ಲಿ ಅದನ್ನು ಹಾಕುವವರು ಅತಿಥಿಗಳನ್ನು ಒಂದು ಗಂಟೆ ತಡವಾಗಿ ಕರೆದಂತೆ. ತಾನೇ ಸಮಯ ಬದಲಿಸಿಕೊಳ್ಳುವ ಹಳೆಯ ಗೋಡೆ ಗಡಿಯಾರಗಳನ್ನೂ ನಂಬಬೇಡಿ. ಅಮೆರಿಕದ ಈಗಿನ ದಿನಾಂಕಗಳು ಜಾರಿಗೆ ಬಂದದ್ದು 2007ರಲ್ಲಿ. ಅದಕ್ಕೂ ಹಿಂದಿನ ನಿಯಮ ತುಂಬಿಸಿದ ಗಡಿಯಾರ ಏಪ್ರಿಲ್‌ವರೆಗೆ ಕದಲುವುದಿಲ್ಲ.

5. ಇನ್ನೊಂದು ಊರಿದ್ದರೆ ಅದರ ದಿನಾಂಕವನ್ನೂ ನೋಡಿ. ಲಂಡನ್ ಬದಲಾಗುವುದು ಮಾರ್ಚ್ ಮತ್ತು ಅಕ್ಟೋಬರ್‌ನ ಕೊನೆಯ ಭಾನುವಾರ. ನ್ಯೂಯಾರ್ಕ್‌ನ ಬೆಳಿಗ್ಗೆ 9ರ ಸಭೆ ಲಂಡನ್ನಿನಲ್ಲಿ ಸಾಮಾನ್ಯವಾಗಿ ಮಧ್ಯಾಹ್ನ 2ಕ್ಕೆ. 2026ರ ಮಾರ್ಚ್ 8ರಿಂದ 29ರವರೆಗೆ ಮಾತ್ರ ಅದು 1ಕ್ಕೇ ಬರುತ್ತದೆ. ಅಕ್ಟೋಬರ್ 25ರಿಂದ ಒಂದು ವಾರವೂ ಹಾಗೆಯೇ.